ಕೈಲಾಶ ಸರ್‌ಗೆ ಬಂದ ಪತ್ರ, ಜೊತೆಗೆ ಆರು ಸುಟ್ಟ ಮಾಸ್ಫೆಟ್

ಬೀದರ ಊರ ಹೊರಗಿನ ಆ ಇಂಜಿನಿಯರಿಂಗ್ ಕಾಲೇಜಿನಲ್ಲಿ ಕೈಲಾಶ ಸರ್ ಇಪ್ಪತ್ತೆರಡು ವರ್ಷದಿಂದ ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದರು. ಕಲಿಸುತ್ತಿದ್ದರು ಅನ್ನುವುದು ಹಾಜರಿ ಪುಸ್ತಕದ ಮಾತು. ಖರೆ ಹೇಳಬೇಕೆಂದರೆ ಈಚಿನ ಹತ್ತು ವರ್ಷ ಅವರು ಫೈಲು ತುಂಬುತ್ತಿದ್ದರು. ತಪಾಸಣೆಯ ಕಮಿಟಿಯವರು ಬಂದು ನೋಡುವ ಫೈಲು, ಯಾರೂ ಬಂದು ನೋಡದ ಫೈಲು, ಒಂದು ಫೈಲು ಎಲ್ಲಿದೆ ಎಂದು ತಿಳಿಸುವ ಇನ್ನೊಂದು ಫೈಲು. ದಿನಾ ಭಾಲ್ಕಿಯಿಂದ ರೈಲಿಗೆ ಬರುತ್ತಿದ್ದರು, ಸಂಜೆ ಅದೇ ದಾರಿಯಲ್ಲಿ ತಿರುಗಿ ಹೋಗುತ್ತಿದ್ದರು.

ಹುಟ್ಟಿದ್ದು ಸಾಯಗಾಂವದಲ್ಲಿ, ಕುರಿ ಸಾಕುವ ಮನೆಯಲ್ಲಿ. ತಂದೆ ಬಕ್ಕಪ್ಪನಿಗೆ ಮಗ ಏನು ಓದುತ್ತಾನೆಂದು ಕೊನೆಯವರೆಗೂ ಸರಿಯಾಗಿ ತಿಳಿಯಲಿಲ್ಲ, "ನಮ್ಮ ಕೈಲಾಶ ರೇಡಿಯೋ ಸಾಲಿಗಿ ಹೋಗ್ತಾನ" ಎಂದೇ ಊರಿಗೆಲ್ಲ ಹೇಳುತ್ತಿದ್ದ. ಹೇಳಿದ್ದರಲ್ಲಿ ತಪ್ಪೂ ಇರಲಿಲ್ಲ. ಆಗ ಕೈಲಾಶನ ಬೆರಳ ತುದಿಗಳ ಮೇಲೆ ಬೆಸುಗೆಯ ಸುಟ್ಟ ಕಲೆಗಳು ಯಾವಾಗಲೂ ಇರುತ್ತಿದ್ದವು. ಈಗ ಆ ಬೆರಳು ಮೆತ್ತಗಾಗಿದ್ದವು. ಅವನ್ನು ನೋಡಿಕೊಂಡರೆ ಅವರಿಗೇ ಒಂಥರಾ ಆಗುತ್ತಿತ್ತು.

ಆದರೆ ಅವರಿಗೆ ನಿಜವಾದ ಹೇಸಿಗೆ ಬರುತ್ತಿದ್ದದ್ದು ಪ್ರತಿ ವರ್ಷ ಏಪ್ರಿಲ್ ತಿಂಗಳಲ್ಲಿ, ಕೊನೆಯ ವರ್ಷದ ಹುಡುಗರ ಪ್ರಾಜೆಕ್ಟು ಬರುವಾಗ. ಹುಡುಗರು ಪ್ರಾಜೆಕ್ಟು ಮಾಡುತ್ತಿರಲಿಲ್ಲ, ತರುತ್ತಿದ್ದರು. ಊರೊಳಗೆ ಅದಕ್ಕೆಂದೇ ಅಂಗಡಿಗಳಿದ್ದವು. ಹೆಸರು ಬರೆಸಿದರೆ ಡಬ್ಬಿ, ವರದಿ, ಪರದೆಯ ಮೇಲೆ ತೋರಿಸುವ ಸ್ಲೈಡು ಎಲ್ಲಾ ಒಟ್ಟಿಗೆ ಕೈಗೆ ಬರುತ್ತಿತ್ತು. ಹೊಲಕ್ಕೆ ನೀರು ಬಿಡುವ ಯಂತ್ರ, ಗೆರೆ ಹಿಡಿದು ಓಡುವ ಗಾಡಿ, ಬೆರಳು ಇಟ್ಟರೆ ತೆರೆಯುವ ಬಾಗಿಲು: ವರ್ಷ ಬದಲಾದರೂ ಡಬ್ಬಿ ಬದಲಾಗುತ್ತಿರಲಿಲ್ಲ, ಮೇಲಿನ ಚೀಟಿ ಮಾತ್ರ ಬದಲಾಗುತ್ತಿತ್ತು. ಕೈಲಾಶ ಸರ್ ಎಲ್ಲಾ ಬಲ್ಲರು. ಗೊತ್ತಿದ್ದೂ "ಈ ಕೆಲಸ ವಿದ್ಯಾರ್ಥಿಗಳು ಸ್ವತಃ ಮಾಡಿದ್ದು" ಎನ್ನುವ ಪ್ರಮಾಣಪತ್ರಕ್ಕೆ ಸಹಿ ಹಾಕುತ್ತಿದ್ದರು. ಆಮೇಲೆ ಬಚ್ಚಲಿಗೆ ಹೋಗಿ ಕೈ ತೊಳೆದುಕೊಳ್ಳುತ್ತಿದ್ದರು.

ಆ ಫೆಬ್ರುವರಿಯ ಒಂದು ಮಂಗಳವಾರ ಅವರ ಮೇಜಿನ ಮೇಲೆ ಒಂದು ದಪ್ಪ ಲಕೋಟೆ ಇತ್ತು. ವಿದ್ಯಾರ್ಥಿಗಳು ಈಗ ಕಾಗದ ಬರೆಯುವುದಿಲ್ಲ. ಮೊಬೈಲಿನಲ್ಲಿ ಸಂದೇಶ ಕಳಿಸುತ್ತಾರೆ, ಅದೂ ಯಾವುದೋ ಯಂತ್ರ ಬರೆದುಕೊಟ್ಟ ನಯವಾದ ಇಂಗ್ಲಿಷಿನಲ್ಲಿ. ಇದು ರೂಲಿನ ಹಾಳೆಯ ಮೇಲೆ ಕನ್ನಡದಲ್ಲಿ ಬರೆದ ಮೂರು ಪುಟ. ತೆರೆದ ಕೂಡಲೇ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಕೊನೆಯ ಪುಟಕ್ಕೆ ಸೆಲೋಟೇಪಿನಿಂದ ಆರು ಮಾಸ್ಫೆಟ್ ಅಂಟಿಸಿದ್ದರು. ಕರೆಂಟನ್ನು ಕ್ಷಣಕ್ಕೊಮ್ಮೆ ಬಿಟ್ಟು ತಡೆಯುವ ಮೂರು ಕಾಲಿನ ಆ ಕರಿ ತುಣುಕುಗಳಲ್ಲಿ ಎರಡರ ಎದೆ ಒಡೆದಿತ್ತು. ಒಂದೊಂದರ ಕೆಳಗೂ ತಾರೀಖು, ಎಷ್ಟು ಹೊತ್ತು ಬದುಕಿತು ಎನ್ನುವ ಲೆಕ್ಕ.

"ಮಾನ್ಯ ಸರ್, ನಾನು ಕರುಣಾ, ಕೊನೆಯ ವರ್ಷ, ಸಂತಪುರದವಳು. ಕ್ಲಾಸ್ ಡಿ ಆಂಪ್ಲಿಫೈಯರ್ ಪ್ರಾಜೆಕ್ಟಿಗೆ ನಿಮ್ಮ ಮಾರ್ಗದರ್ಶನ ಕೇಳಿ ಈ ಪತ್ರ. ನನ್ನ ಗೈಡ್ ಶಿವಕಾಂತ ಸರ್ ಅವರು ತಯಾರಿದ್ದ ಬೋರ್ಡು ತಂದು ಡಬ್ಬಿಗೆ ಹಾಕು ಎಂದರು. ನನ್ನ ಜೊತೆಗಿನ ಮೂವರೂ ಹಾಗೆ ಮಾಡಲು ಹೋದರು, ನಾನು ಒಬ್ಬಳೇ ಉಳಿದಿದ್ದೇನೆ. ನಮ್ಮ ಓಣಿಯ ಬುದ್ಧವಿಹಾರದಲ್ಲಿ ಕರೆಂಟು ಹೋದಾಗ ಮೈಕು ಬ್ಯಾಟರಿಯ ಮೇಲೆ ನಡೆಯುತ್ತದೆ. ಹಳೆಯ ಆಂಪ್ಲಿಫೈಯರ್ ತೆಗೆದುಕೊಂಡ ಕರೆಂಟಿನ ಅರ್ಧಕ್ಕೂ ಹೆಚ್ಚು ಬಿಸಿಯಾಗಿ ಹೋಗುತ್ತದೆ, ವಂದನೆ ಮುಗಿಯುವ ಮೊದಲೇ ಬ್ಯಾಟರಿ ಮುಗಿಯುತ್ತದೆ. ಕ್ಲಾಸ್ ಡಿ ಬಿಸಿಯಾಗುವುದಿಲ್ಲ ಎಂದು ಪುಸ್ತಕ ಹೇಳುತ್ತದೆ. ನನ್ನದು ಬಿಸಿಯಾಗುವುದಷ್ಟೇ ಅಲ್ಲ, ಸುಡುತ್ತಿದೆ."

ಎರಡನೆಯ ಪುಟದಲ್ಲಿ ಸರ್ಕ್ಯೂಟಿನ ಚಿತ್ರ. ದನಿಯ ಅಲೆಯನ್ನು ಒಂದು ತ್ರಿಕೋನ ಅಲೆಯ ಜೊತೆ ಹೋಲಿಸುವ ಕಂಪರೇಟರ್. ತ್ರಿಕೋನ ಸೆಕೆಂಡಿಗೆ ಎರಡು ಲಕ್ಷ ಐವತ್ತು ಸಾವಿರ ಸಲ ಏರಿಳಿಯುತ್ತದೆ. ದನಿ ಅದಕ್ಕಿಂತ ಮೇಲಿದ್ದರೆ ಮೇಲಿನ ಮಾಸ್ಫೆಟ್ ತೆರೆಯಬೇಕು, ಕೆಳಗಿದ್ದರೆ ಕೆಳಗಿನದು. ಕೊನೆಗೆ ಒಂದು ಕಾಯಿಲ್, ಒಂದು ಕೆಪಾಸಿಟರ್ ಆ ಚೂರುಗಳನ್ನೆಲ್ಲ ಸೋಸಿ ಮತ್ತೆ ದನಿ ಮಾಡಬೇಕು. ಚಿತ್ರ ಸ್ವಚ್ಛವಾಗಿತ್ತು, ಅಳಿಸಿ ಅಳಿಸಿ ಕಾಗದ ತೆಳುವಾಗಿತ್ತು. ಕೊನೆಗೆ ಒಂದೇ ಪ್ರಶ್ನೆ: "ಹಾಡು ಹಚ್ಚಿಲ್ಲ, ಸ್ಪೀಕರೂ ಜೋಡಿಸಿಲ್ಲ. ಆದರೂ ಇವು ಯಾಕೆ ಸುಡುತ್ತವೆ, ಸರ್?"

ಕೈಲಾಶ ಸರ್ ಪತ್ರ ಮಡಚಿ ಚೀಲದಲ್ಲಿಟ್ಟುಕೊಂಡರು. ನಾಲ್ಕು ದಿನ ಉತ್ತರ ಕೊಡಲಿಲ್ಲ. ಪರೀಕ್ಷೆಯ ಕೆಲಸ ಇದೆ ಎಂದು ತಮಗೇ ಹೇಳಿಕೊಂಡರು. ಶನಿವಾರ ಮನೆಯಲ್ಲಿ ಅವರ ಹೆಂಡತಿ ಸಿದ್ದೇಶ್ವರಿ ಚೀಲ ಝಾಡಿಸುವಾಗ ಪತ್ರ ಕೈಗೆ ಸಿಕ್ಕಿತು. ಆಕೆ ಭಾಲ್ಕಿಯ ಪ್ರೈಮರಿ ಸಾಲಿಯ ಟೀಚರು, ಮಕ್ಕಳ ಅಕ್ಷರ ಕಂಡರೆ ಓದದೆ ಬಿಡುವವರಲ್ಲ.

"ಈ ಹುಡುಗಿಗಿ ಏನ್ ಹೇಳಿದ್ರಿ?" ಎಂದು ಕೇಳಿದರು.

"ಇನ್ನಾ ಏನೂ ಹೇಳಿಲ್ಲ."

"ಯಾಕ್ರಿ?"

ಕೈಲಾಶ ಸರ್ ಚಹಾದ ಒಂದು ಗುಟುಕು ಕುಡಿದರು. "ನನಗ ಗೊತ್ತಿಲ್ಲ, ಅದಕ್ಕ" ಎಂದರು. ಹೇಳಿ ಮುಗಿಸಿದ ಮೇಲೆ ಬಾಯಲ್ಲಿ ಚಹಾ ಕಹಿಯಾಯಿತು. ಪ್ರತಿ ವರ್ಷ ಕ್ಲಾಸ್ ಡಿ ಪಾಠ ಮಾಡುತ್ತಿದ್ದರು. ಬೋರ್ಡಿನ ಮೇಲೆ ಚೌಕಾಕಾರದ ಅಲೆ ಬರೆದು, "ನೂರಕ್ಕೆ ತೊಂಬತ್ತು ದಕ್ಷತೆ" ಎಂದು ಎರಡು ಗೆರೆ ಎಳೆದು ಮುಗಿಸುತ್ತಿದ್ದರು. ಒಂದನ್ನೂ ಕೈಯಿಂದ ಕಟ್ಟಿದವರಲ್ಲ.

ಭಾನುವಾರವಿಡೀ ಹಳೆಯ ಪುಸ್ತಕ ತೆಗೆದು ಕುಳಿತರು. ಸೋಮವಾರ ಬೆಳಿಗ್ಗೆ ಕರುಣಾಳನ್ನು ಲ್ಯಾಬಿಗೆ ಕರೆಸಿದರು. ಗಿಡ್ಡನೆಯ ಹುಡುಗಿ, ಕನ್ನಡಕ, ಬಲಗೈ ಹೆಬ್ಬೆರಳಿಗೆ ಪಟ್ಟಿ. ಬೋರ್ಡನ್ನು ಬಿಸ್ಕೀಟಿನ ಡಬ್ಬಿಯಲ್ಲಿ ಹತ್ತಿಯ ಮೇಲೆ ಇಟ್ಟು ತಂದಿದ್ದಳು.

ಕರೆಂಟಿನ ಅಲೆಯನ್ನು ಪರದೆಯ ಮೇಲೆ ತೋರಿಸುವ ಲ್ಯಾಬಿನ ಆಸಿಲೋಸ್ಕೋಪು ಕಪಾಟಿನಲ್ಲಿ ಬೀಗದ ಹಿಂದೆ ಇತ್ತು. ಬೀಗದ ಕೈ ಅಟೆಂಡರ್ ಬದ್ರೋದ್ದೀನನ ಹತ್ತಿರ. ಮುಂದಿನ ವರ್ಷ ನಿವೃತ್ತಿಯಾಗುವ ಮನುಷ್ಯ, ಒಂದು ಕಾಲಕ್ಕೆ ಗವಾನ್ ಚೌಕದ ಹತ್ತಿರ ರೇಡಿಯೋ ರಿಪೇರಿ ಮಾಡುತ್ತಿದ್ದವನು.

"ಸಾಬ್, ಅದರ ಪ್ಲಾಸ್ಟಿಕ್ ತೆಗಿಬ್ಯಾಡ್ರಿ ಅಂತ ಹುಕುಂ ಅದ. ಕಮಿಟಿ ಬಂದಾಗ ಹೊಸಾದು ಕಾಣ್ಬೇಕಂತ."

"ಎಷ್ಟ್ ವರ್ಷ ಆಯ್ತು ತಂದು?"

"ಆರು ವರ್ಷ ಆಯ್ತ್ರಿ."

ಆರು ವರ್ಷ ಯಾರೂ ಮುಟ್ಟದ ಯಂತ್ರ! ಕೈಲಾಶ ಸರ್ ಪ್ಲಾಸ್ಟಿಕ್ಕನ್ನು ಪರ್ರನೆ ಹರಿದು ಹಾಕಿದರು. ಬದ್ರೋದ್ದೀನ ಬಾಗಿಲ ಕಡೆ ಒಮ್ಮೆ ನೋಡಿ, ಮೀಸೆಯಲ್ಲೇ ನಕ್ಕು, ಪ್ಲಾಸ್ಟಿಕ್ಕು ಮಡಚಿ ಬಗಲಲ್ಲಿ ಇಟ್ಟುಕೊಂಡ.

ಎರಡು ಮಾಸ್ಫೆಟ್‌ಗಳ ಗೇಟಿಗೆ, ಅಂದರೆ ತೆರೆ ಮುಚ್ಚು ಎನ್ನುವ ಅಪ್ಪಣೆ ಹೋಗುವ ಕಾಲಿಗೆ, ಬರುವ ಅಲೆ ನೋಡೋಣವೆಂದು ಸರ್ ಅಳೆಯುವ ಒಂದು ಪ್ರೋಬಿನ ಕರಿ ಕ್ಲಿಪ್ಪನ್ನು ಬ್ಯಾಟರಿಯ ಮೈನಸ್ಸಿಗೆ ಹಚ್ಚಿದರು. ಇನ್ನೊಂದರ ಕರಿ ಕ್ಲಿಪ್ಪನ್ನು ಎರಡೂ ಮಾಸ್ಫೆಟ್ ಕೂಡುವ ನಡುವಿನ ಜಾಗಕ್ಕೆ ಒಯ್ದರು. ಕರುಣಾಳ ಕೈ ಅಡ್ಡ ಬಂತು.

"ಸರ್, ಬ್ಯಾಡ್ರಿ! ಎರಡೂ ಕರಿ ಕ್ಲಿಪ್ ಒಳಗ ಒಂದೇ ಅಲ್ಲೇನ್ರಿ? ಅಲ್ಲಿ ಹಚ್ಚಿದ್ರ ನಡುವಿನ ಜಾಗಾ ಸೀದಾ ಮೈನಸ್ಸಿಗಿ ಕೂಡ್ತದರಿ. ಮ್ಯಾಲಿನ್ದು ತೆರೆದ ಕೂಡ್ಲೇ ಸುಡ್ತದ."

ಅವಳು ಹೇಳಿದ್ದು ಸರಿ. ಸರ್ ಕೈ ಹಿಂದಕ್ಕೆ ತೆಗೆದರು, ಕಿವಿಯವರೆಗೂ ಬಿಸಿಯಾಯಿತು. ಇಪ್ಪತ್ತೆರಡು ವರ್ಷದ ಮೇಷ್ಟರಿಕೆ! ಅವರಿಗೆ ಆ ಹೊತ್ತು ತಮ್ಮ ಮೇಲೆ ಬಂದ ಅಸಹ್ಯ ಅಂಗಡಿಯ ಡಬ್ಬಿಗಳ ಮೇಲೂ ಎಂದೂ ಬಂದಿರಲಿಲ್ಲ. ಆದರೂ ಎದ್ದು ಹೋಗಲಿಲ್ಲ.

"ಬರೋಬ್ಬರಿ ಹೇಳ್ದಿ. ಹಂಗಾದ್ರ ಗೇಟ್ ಬಿಟ್ಟು, ಗೇಟಿಗಿ ಹುಕುಂ ಕಳಿಸೋ ಡ್ರೈವರ್ ಚಿಪ್ಪಿನ ಎರಡು ಇನ್‌ಪುಟ್ ನೋಡಮು, ಅವೆರಡೂ ಮೈನಸ್ಸಿನ ಲೆಕ್ಕದಾಗೇ ಅವ."

ಪರದೆಯ ಮೇಲೆ ಎರಡು ಗೆರೆ ಮೂಡಿದವು. ಒಂದು ಇಳಿಯುವ ಕ್ಷಣದಲ್ಲೇ ಇನ್ನೊಂದು ಏರುತ್ತಿತ್ತು. ನಡುವೆ ಕೂದಲೆಳೆಯಷ್ಟೂ ಸಂದು ಇರಲಿಲ್ಲ.

"ನೋಡು" ಎಂದರು ಕೈಲಾಶ ಸರ್. ಅವರ ದನಿ ತಾನಾಗಿ ಬದಲಾಗಿತ್ತು. "ನೀ ಬಂದ್ ಅಂತ ಹೇಳಿದ ಕೂಡ್ಲೇ ಮಾಸ್ಫೆಟ್ ಬಂದ್ ಆಗಂಗಿಲ್ಲ, ಒಂದಿಷ್ಟು ಹೊತ್ತು ಬೇಕು ಅದಕ್ಕ. ಮ್ಯಾಲಿನ್ದು ಇನ್ನಾ ಮುಚ್ಚಿಲ್ಲ, ಅಷ್ಟ್ರಾಗ ಕೆಳಗಿನ್ದು ತೆರಿತದ. ಎರಡೂ ಒಮ್ಮಿಗೇ ತೆರೆದ್ರ?"

"ಪ್ಲಸ್ಸಿನಿಂದ ಸೀದಾ ಮೈನಸ್ಸಿಗಿ ಶಾರ್ಟ್ ಆಗ್ತದರಿ."

"ಸೆಕೆಂಡಿಗಿ ಎಷ್ಟ್ ಸಲ?"

ಹುಡುಗಿ ಬಾಯಿ ತೆರೆದಳು. ತ್ರಿಕೋನದ ಒಂದೊಂದು ಏರಿಳಿತಕ್ಕೆ ಎರಡು ಸಲ. "ಐದು ಲಕ್ಷ ಸಲ, ಸರ್. ಅದಕ್ಕೇ ಹಾಡಿಲ್ಲದೇನೇ ಸುಡ್ಲತಾವ!"

ಆ ದಿನ ಮಧ್ಯಾಹ್ನದ ಊಟದ ಡಬ್ಬಿ ಯಾರೂ ತೆರೆಯಲಿಲ್ಲ. ಮುಚ್ಚುವುದು ತಟ್ಟನೆ, ತೆರೆಯುವುದು ತುಸು ತಡವಾಗಿ ಆಗಬೇಕು. ಪ್ರತಿ ದಾರಿಗೂ ಒಂದು ರೆಸಿಸ್ಟರ್, ಅದಕ್ಕೆ ಅಡ್ಡ ಒಂದು ಡಯೋಡ್, ಒಂದು ಚಿಕ್ಕ ಕೆಪಾಸಿಟರ್, ಮುಂದೆ ಅಲೆಯ ಅಂಚು ಚೂಪು ಮಾಡುವ ಒಂದು ಶ್ಮಿಟ್ ಗೇಟ್. ಬೆಸುಗೆ ಹಾಕಿದ್ದು ಕರುಣಾ. ಒಂದು ಜೋಡಣೆ ಕೈಲಾಶ ಸರ್ ತಾವೇ ಹಾಕಿದರು, ಅದು ಗಂಟುಗಂಟಾಗಿ ಬಂತು, ಬದ್ರೋದ್ದೀನ ಅದನ್ನು ಕರಗಿಸಿ ಮತ್ತೆ ಹಾಕಿದ. ಮೂರು ಗಂಟೆಗೆ ಪರದೆಯ ಮೇಲೆ ಎರಡು ಗೆರೆಗಳ ನಡುವೆ ನೂರೈವತ್ತು ನ್ಯಾನೋಸೆಕೆಂಡಿನ ಸಂದು ಬಿತ್ತು. ಮಾಸ್ಫೆಟ್ ಮೇಲೆ ಬೆರಳಿಟ್ಟರೆ ತಣ್ಣಗೆ.

ಇನ್ನೂ ಹೆಚ್ಚು ಸಂದು ಬಿಟ್ಟರೆ ಇನ್ನೂ ಒಳ್ಳೆಯದಲ್ಲವೇ ಎಂದು ಕರುಣಾ ಬಿಟ್ಟೂ ನೋಡಿದಳು. ಪರೀಕ್ಷೆಗೆಂದು ಮೊಬೈಲಿನಿಂದ ಹಚ್ಚಿದ ಸಣ್ಣ ದನಿಯ ಕೊಳಲು ಒಡಕೊಡಕಾಗಿ ಕೇಳಿತು. ಮತ್ತೆ ಹಿಂದಕ್ಕೆ ತಂದಳು.

ಮಾಸ್ಫೆಟ್ ತಣ್ಣಗಾದರೂ ವಾರದೊಳಗೆ ಇನ್ನೊಂದು ತಕರಾರು. ಈಗ ಕಾಯಿಲ್ ಬಿಸಿಯಾಗುತ್ತಿತ್ತು. ಕೆಟ್ಟ ಕಂಪ್ಯೂಟರಿನ ಪವರ್ ಸಪ್ಲೈಯಿಂದ ಬಿಚ್ಚಿದ ಹಳದಿ ಬಿಳಿ ಬಣ್ಣದ ಉಂಗುರದ ಮೇಲೆ ಕರುಣಾ ತಂತಿ ಸುತ್ತಿದ್ದಳು. ಆ ಉಂಗುರ ಕಬ್ಬಿಣದ ಪುಡಿಯದು, ಇಷ್ಟು ವೇಗದ ಏರಿಳಿತಕ್ಕೆ ಒಗ್ಗುವುದಿಲ್ಲ, ತನ್ನೊಳಗೇ ಶಕ್ತಿಯನ್ನು ಕಾಯಿಸಿ ಕಳೆಯುತ್ತದೆ. ಸರ್ ಅದನ್ನು ಪುಸ್ತಕದಲ್ಲಿ ಹುಡುಕಿ ಹೇಳಿದರು. ಬದ್ರೋದ್ದೀನ ಗುಜರಿ ಕೋಣೆಯಿಂದ ಕೆಟ್ಟ ಬೋರ್ಡೊಂದರಿಂದ, ಅಂಥ ವೇಗ ತಾಳುವ ಫೆರೈಟಿನ ಎರಡು ತುಂಡು ತಂದ. ಎರಡು ತುಂಡುಗಳ ನಡುವೆ ದಪ್ಪ ಕಾಗದದ ಚೂರು ಇಟ್ಟು ಸಂದು ಬಿಟ್ಟು, ತೆಳು ತಂತಿಗಳನ್ನು ಹುರಿಗೊಳಿಸಿ ಸುತ್ತಿದರು. ಆ ಮೇಲೆ ಕಾಯಿಲೂ ತಣ್ಣಗಾಯಿತು. ಎಂಟು ಓಮಿನ ಲೋಡಿಗೆ ಆರು ವ್ಯಾಟ್ ಕೊಡುವಾಗ ಬ್ಯಾಟರಿಯಿಂದ ಎಳೆದದ್ದು ಏಳು ವ್ಯಾಟ್. ಕರುಣಾ ಮೂರು ಸಲ ಅಳೆದು, ಮೂರನ್ನೂ ಬರೆದಳು.

ಈ ಎರಡು ತಿಂಗಳಲ್ಲಿ ಶಿವಕಾಂತ ಒಂದೇ ಸಲ ಲ್ಯಾಬಿಗೆ ಬಂದಿದ್ದರು. ಬಾಗಿಲಲ್ಲೇ ನಿಂತು, "ಸರ್, ಯಾಕ ತಕ್ಲೀಫ್ ತೊಗೊಳ್ತೀರಿ? ಮೊಬೈಲಿನಷ್ಟು ಬೋರ್ಡ್ ಬರ್ತದ, ಒಂದೇ ಚಿಪ್, ಹಚ್ಚಿದ್ರ ಮುಗೀತು" ಎಂದು ಹಲ್ಲು ಚುಚ್ಚುತ್ತ ಹೇಳಿ ಹೋದರು. ಆ ಕಡ್ಡಿಯನ್ನು ಹೊಸ್ತಿಲಿನಲ್ಲೇ ಎಸೆದಿದ್ದರು.

ಮೌಖಿಕ ಪರೀಕ್ಷೆಯ ದಿನ ಹೊರಗಿನ ಪರೀಕ್ಷಕರು ಹನ್ನೊಂದೂವರೆಗೆ ಬಂದರು. ಒಳಗಿನ ಪರೀಕ್ಷಕರು ಕೈಲಾಶ ಸರ್. ಮೇಜಿನ ಮೇಲೆ ಗೋಡಂಬಿ, ಖೋವಾದ ಮಿಠಾಯಿ. ಅಂಕಪಟ್ಟಿಯನ್ನು ಶಿವಕಾಂತ ಮೊದಲೇ ಪೆನ್ಸಿಲಿನಿಂದ ತುಂಬಿ ತಂದಿದ್ದರು. ಪರೀಕ್ಷಕರು ಗೋಡಂಬಿ ಜಗಿಯುತ್ತ ವರದಿಗಳ ಬೈಂಡಿಂಗು ತಿರುವಿದರು. ತುಪ್ಪದ ಬೆರಳಿನ ಗುರುತು ಕರುಣಾಳ ಅಳತೆಯ ಕೋಷ್ಟಕದ ಮೇಲೆ ಬಿತ್ತು.

"ಆರು ವ್ಯಾಟ್ ಅಷ್ಟೇ? ಬಜಾರದಾಗ ಇಷ್ಟೇ ರೊಕ್ಕಕ್ಕ ಐದುನೂರು ವ್ಯಾಟಿನ್ದು ಸಿಗ್ತದ."

"ಡಬ್ಬಿ ಮ್ಯಾಲ ಬರ್ದಿರ್ತಾರ್ರಿ ಸರ್" ಎಂದಳು ಕರುಣಾ. "ಇದು ಅಳದದ್ದು ಅದರಿ. ಇಪ್ಪತ್ತನಾಲ್ಕು ವೋಲ್ಟಿಗಿ, ಎಂಟು ಓಮಿಗಿ, ಈ ಜೋಡಣಿದಾಗ ಒಂಬತ್ತು ವ್ಯಾಟಿನ ಮ್ಯಾಲ ಹೋಗಂಗೇ ಇಲ್ಲರಿ. ದನಿ ಒಡಿಬಾರದಂತ ಆರಕ್ಕ ನಿಲ್ಲಿಸೇನ್ರಿ."

"ಮೊಬೈಲಿಗಿ ಜೋಡಿಸಿಲ್ಲಾ? ಆಪ್ ಇಲ್ಲಾ?" ಅವರು ಉತ್ತರಕ್ಕೆ ಕಾಯಲಿಲ್ಲ. ಆನ್ ಮಾಡಿ ಕೇಳಲೂ ಇಲ್ಲ. ಪೆನ್ಸಿಲಿನ ಅರವತ್ತರ ಮೇಲೆ ಪೆನ್ನು ಓಡಿಸಿದರು.

ನಂತರ ರವಿಕಿರಣ ಎನ್ನುವ ಹುಡುಗನ ತಂಡ ಬಂತು. ನೀರು ಬಿಡುವ ಯಂತ್ರ. ಮೆಣಸಿನಕಾಯಿ ಗಿಡದ ಕುಂಡಕ್ಕೆ ನೀರು ಬಂತು, ಹಸಿರು ದೀಪ ಹತ್ತಿತು, ಪರೀಕ್ಷಕರು ಚಪ್ಪಾಳೆ ತಟ್ಟಿದರು. ತೊಂಬತ್ತಾರು. ಹುಡುಗ ಸಂಕೋಚದಿಂದ ನೆಲ ನೋಡುತ್ತಿದ್ದ.

ಕೈಲಾಶ ಸರ್ ಮೇಜಿನ ಮೇಲೆ ಕಣ್ಣಾಡಿಸಿದರು. ಮಿಠಾಯಿಯ ವಾಸನೆ, ಪೆನ್ಸಿಲಿನ ಅಂಕ, ತಮ್ಮ ಸಹಿಗೆ ಬಿಟ್ಟ ಖಾಲಿ ಜಾಗ. ಎದ್ದರು. ಡಬ್ಬಿಯ ಮೇಲಿನ ಚೀಟಿಯ ಮೂಲೆಗೆ ಉಗುರು ಹಾಕಿ ಎಳೆದರು. ಕೆಳಗೆ ಇನ್ನೊಂದು ಚೀಟಿ, ಮೂರು ವರ್ಷದ ಹಿಂದಿನ ನಾಲ್ಕು ಹೆಸರು. ಅದನ್ನೂ ಎಳೆದರು. ಅದರ ಕೆಳಗೆ ಇನ್ನೊಂದು.

"ಓದ್ರಿ ಸರ್" ಎಂದರು ಪರೀಕ್ಷಕರಿಗೆ. "ಎರಡು ಸಲ ಇದೇ ಡಬ್ಬಿಗಿ ನಾನೇ ಸಹಿ ಹಾಕೇನಿ. ಇವತ್ತ ಹಾಕಂಗಿಲ್ಲ."

"ಏನ್ ಮಾಡ್ಲತೀರಿ ನೀವು? ಕಾಲೇಜಿನ ಇಜ್ಜತ್ ಅದ" ಎಂದು ಶಿವಕಾಂತ ಎದ್ದು ನಿಂತರು.

"ಅದು ಇಲ್ಲಿ ಎಲ್ಲಿ ಅದ ತೋರಿಸ್ರಿ, ಮುಚ್ಚಿಡ್ತೇನಿ" ಎಂದು ಕೈಲಾಶ ಸರ್ ಹೊರಗೆ ಬಂದರು. ಉಗುರಲ್ಲಿ ಚೀಟಿಯ ಅಂಟು ಸಿಕ್ಕಿಕೊಂಡಿತ್ತು.

ಏನಾಯಿತು? ಅಂಥಾದ್ದೇನೂ ಆಗಲಿಲ್ಲ. ಪ್ರಿನ್ಸಿಪಾಲರು ಬಾಗಿಲು ಹಾಕಿ, ನೀವು ದಣಿದಿದ್ದೀರಿ ಎಂದು ಮೆಲ್ಲಗೆ ಹೇಳಿದರು. ಒಳಗಿನ ಪರೀಕ್ಷಕರ ಹೆಸರು ಬದಲಾಯಿತು. ಎರಡು ದಿನದ ಮೇಲೆ ಅದೇ ಡಬ್ಬಿ, ಹೊಸ ಚೀಟಿಯೊಂದಿಗೆ, ಅದೇ ಮೇಜಿನ ಮೇಲೆ ಕುಳಿತಿತು, ಶಿವಕಾಂತರ ಸಹಿಯ ಕೆಳಗೆ ತೊಂಬತ್ತಾರು ಹಾಗೇ ಉಳಿಯಿತು. ಕರುಣಾಳಿಗೆ ಅರವತ್ತೇ. ಕೈಲಾಶ ಸರ್ ವಿಶ್ವವಿದ್ಯಾಲಯಕ್ಕೆ ಒಂದು ಪತ್ರ ಬರೆದರು. ತಲುಪಿದೆ ಎಂದು ಒಂದು ಸಾಲಿನ ಉತ್ತರ ಬಂತು, ಅದರ ಮುಂದೆ ಏನೂ ಬರಲಿಲ್ಲ.

ಅರವತ್ತು ಅಂಕ ಕೇಳಿ ಕರುಣಾ ಅಳಲಿಲ್ಲ. ಸರ್ ಅವರ ಕೋಣೆಗೆ ಬಂದು, "ಸರ್, ವಿಹಾರದಾಗ ಮೈಕ್ ಹಚ್ಚಿದ್ರ ಬಾಜೂ ಮನಿ ರೇಡಿಯೋದಾಗ ಗರಗರ ಬರ್ತದರಿ. ನಮ್ಮ ಸ್ಪೀಕರಿನ ವೈರ್ ಭಾಳ ಉದ್ದ ಆಗ್ಯಾದ, ಅದೇ ಏರಿಯಲ್ ಆಗ್ಯಾದೇನ್ರಿ?" ಎಂದು ಕೇಳಿದಳು. ಹೌದು, ಅದೇ ಆಗಿರಬೇಕು. ಸೋಸಿದ ಮೇಲೂ ಉಳಿದ ಚೂರುಪಾರು ಉದ್ದ ತಂತಿಯಿಂದ ಗಾಳಿಗೆ ಹಾರುತ್ತದೆ. ಇಬ್ಬರೂ ಅರ್ಧ ಗಂಟೆ ಅದರ ಮೇಲೇ ಮಾತಾಡಿದರು. ಅವಳು ಹೋದ ಮೇಲೆ ಅಂಕದ ಮಾತೇ ಬರಲಿಲ್ಲವೆಂದು ಅವರಿಗೆ ನೆನಪಾಯಿತು. ಆ ವರ್ಷ ಅವರು ಅನುಭವಿಸಿದ ಒಂದೇ ಸ್ವಚ್ಛವಾದ ಅರ್ಧ ಗಂಟೆ ಅದು. ಜುಲೈಯಲ್ಲಿ ಅವಳಿಗೆ ಹೈದರಾಬಾದಿನಲ್ಲಿ ಇನ್ವರ್ಟರ್ ತಯಾರಿಸುವ ಸಣ್ಣ ಕಾರ್ಖಾನೆಯೊಂದರಲ್ಲಿ ಪರೀಕ್ಷೆ ಮಾಡುವ ಕೆಲಸ ಸಿಕ್ಕಿತು. ಅವರು ಅಂಕಪಟ್ಟಿ ಕೇಳಲಿಲ್ಲವಂತೆ, ಕೆಟ್ಟ ಬೋರ್ಡೊಂದನ್ನು ಮುಂದಿಟ್ಟು ಏನಾಗಿದೆ ಹೇಳು ಎಂದರಂತೆ.

ಕೈಲಾಶ ಸರ್‌ಗೆ ಮಾತ್ರ ಹೊಸ ಜವಾಬ್ದಾರಿ ಬಂತು: ಪ್ರವೇಶದ ಪ್ರಚಾರ. ಬೇಸಿಗೆಯುದ್ದಕ್ಕೂ ಬಣ್ಣದ ಕರಪತ್ರದ ಕಟ್ಟು ಹಿಡಿದು ತಾಲೂಕು ತಾಲೂಕು ಅಲೆಯುವ ಕೆಲಸ. ಅದು ಶಿಕ್ಷೆ ಎಂದು ಯಾರೂ ಹೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಅದೇ ವರ್ಷದ ಮೇ ಕೊನೆಗೆ ಔರಾದಿನ ಒಂದು ಪಿಯು ಕಾಲೇಜಿನ ಅಂಗಳದಲ್ಲಿ ಶಾಮಿಯಾನದ ಕೆಳಗೆ ಕುಳಿತಿದ್ದರು. ಎಕಂಬಾದಿಂದ ಜಿಜಾಬಾಯಿ ಎನ್ನುವ ಹೆಣ್ಣುಮಗಳು ಮಗಳನ್ನು ಕರೆದುಕೊಂಡು ಬಂದಿದ್ದಳು. ಕರಪತ್ರವನ್ನು ತಿರುಗಿಸಿ ಮುರುಗಿಸಿ ನೋಡಿದಳು. ಅದರ ಮೇಲೆ ಪ್ಲಾಸ್ಟಿಕ್ ಹೊದ್ದ ಆಸಿಲೋಸ್ಕೋಪಿನ ಹಳೆಯ ಫೋಟೋ.

"ಸರ್, ಎಲ್ಲಾ ಛಲೋ ಕಾಣ್ತದ್ರಿ. ಅಲ್ಲಿ ಕಲಿಸ್ತಾರೇನ್ರಿ?"

"ಕಲಿಸ್ತಾರ್ರಿ" ಎಂದರು ಕೈಲಾಶ ಸರ್. ಬಾಯಿಗೆ ಬಂದ ಆ ಸಲೀಸಾದ ಉತ್ತರ ಅವರಿಗೇ ಹೇಸಿಗೆ ಎನಿಸಿತು. ನೀರು ಕುಡಿದರು. ಆಮೇಲೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಇಲ್ಲರಿ ಅಕ್ಕಾ. ಕೇಳದಿದ್ರ ಕಲಿಸಂಗಿಲ್ಲ. ನಿಮ್ಮ ಮಗಳಿಗಿ ಕೇಳಾಕ ಬರ್ತದೇನು?"

ಹುಡುಗಿ ತಾಯಿಯ ಬೆನ್ನ ಹಿಂದಿನಿಂದ ಮುಂದೆ ಬಂದಳು. "ಏನ್ ಕೇಳ್ಬೇಕ್ರಿ ಸರ್?" ಎಂದಳು.

ಅವರು ಕರಪತ್ರವನ್ನು ಬೋರಲು ಹಾಕಿ, ಅದರ ಬಿಳಿ ಬೆನ್ನಿನ ಮೇಲೆ ತಮ್ಮ ಫೋನ್ ನಂಬರು ಬರೆಯತೊಡಗಿದರು.